ಫ್ಯೂಸ್, ಎಂಸಿಬಿ, ಐಸೊಲೇಟರ್: ಸೋಲಾರ್‌ನಲ್ಲಿ ಯಾವುದು ಎಲ್ಲಿ, ಎಷ್ಟು ಆಂಪಿನದು?

ಹೋದ ಮಾರ್ಚ್‌ನಲ್ಲಿ ಬ್ಯಾಡಗಿ ಕಡೆಯ ಒಂದು ಖಾರದ ಪುಡಿ ಗಿರಣಿಯಿಂದ ಫೋನ್ ಬಂತು. "ಅಣ್ಣಾರ, ಸೋಲಾರ್ ಹಾಕ್ಸೀವಿ, ಆದ್ರ ಬಿಲ್ ಮತ್ತ ಏರಾಕತ್ತೈತ್ರಿ. ಪ್ಯಾನೆಲ್ ತೊಳದ್ರೂ ಅಷ್ಟ, ಬಿಟ್ರೂ ಅಷ್ಟ" ಅಂದರು. ಹೋಗಿ ನೋಡಿದೆ. ಗಿರಣಿಯ ತಗಡಿನ ಮೇಲೆ 540 ವ್ಯಾಟಿನ 45 ಪ್ಯಾನೆಲ್. ಹದಿನೈದರಂತೆ ಒಂದಕ್ಕೊಂದು ಸಾಲಾಗಿ ಜೋಡಿಸಿ ಮೂರು ಸ್ಟ್ರಿಂಗ್ ಮಾಡಿ, ಮೂರನ್ನೂ ಒಂದು ಡಿಸಿ ಬಾಕ್ಸಿಗೆ ತಂದು ಸೇರಿಸಿದ್ದರು. ಮಟಮಟ ಮಧ್ಯಾಹ್ನ ಒಂದೊಂದೇ ವೈರಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದೆ. ಒಂದರಲ್ಲಿ 12.4 ಆಂಪ್, ಇನ್ನೊಂದರಲ್ಲಿ 12.5, ಮೂರನೆಯದರಲ್ಲಿ ಸೊನ್ನೆ.

ಮೂರನೇ ಸ್ಟ್ರಿಂಗಿನ ಫ್ಯೂಸ್ ಹೋಗಿತ್ತು. ಸಪ್ಲೈ ಬಂದ್ ಮಾಡಿ ಹೊರಗೆ ತೆಗೆದರೆ, ಬಿಳಿ ಪಿಂಗಾಣಿ ಕೊಳವೆಯ ಎರಡೂ ತುದಿಯ ಟೋಪಿ ಕಂದು ಬಣ್ಣಕ್ಕೆ ತಿರುಗಿತ್ತು, ಹೋಲ್ಡರ್‌ನ ಪ್ಲಾಸ್ಟಿಕ್ ಸ್ವಲ್ಪ ಬಾಗಿತ್ತು. ಫ್ಯೂಸ್ ಮೇಲೆ 15 ಆಂಪ್ ಎಂದು ಬರೆದಿತ್ತು. ವೈರ್, ಪ್ಯಾನೆಲ್ ಎಲ್ಲ ತಪಾಸಣೆ ಮಾಡಿದೆ, ಎಲ್ಲೂ ಶಾರ್ಟ್ ಇಲ್ಲ. ಫ್ಯೂಸ್ ಸುಮ್ನೆ ಬೆಂದು ಬೆಂದು ಸತ್ತಿತ್ತು, ಮೂರರಲ್ಲಿ ಒಂದು ಪಾಲು ಕರೆಂಟ್ ಎಷ್ಟು ದಿನದಿಂದ ಹೋಗುತ್ತಿತ್ತೋ ಯಾರಿಗೂ ಗೊತ್ತಿಲ್ಲ.

ಈ 15 ಆಂಪ್ ಎಲ್ಲಿಂದ ಬಂತು ಅಂದರೆ, ಹಳೇ ರೂಢಿಯಿಂದ. ಮೊದಲು 330 ವ್ಯಾಟಿನ ಪ್ಯಾನೆಲ್ ಇದ್ದಾಗ ಅವುಗಳ ಶಾರ್ಟ್ ಸರ್ಕ್ಯೂಟ್ ಕರೆಂಟ್ ಸುಮಾರು 9 ಆಂಪ್ ಇರುತ್ತಿತ್ತು. ಅದಕ್ಕೆ 15 ಸರಿಯಾಗಿತ್ತು. ಈಗಿನ 540ರ ಪ್ಯಾನೆಲ್‌ನಲ್ಲಿ ಅದು 14ರ ಹತ್ತಿರ ಬಂದಿದೆ. ಪ್ಯಾನೆಲ್ ಬದಲಾಯಿತು, ಬಾಕ್ಸಿನೊಳಗಿನ ಫ್ಯೂಸ್ ಬದಲಾಗಲಿಲ್ಲ. ರೆಡಿ ಬಾಕ್ಸ್ ತಗೊಂಡರೆ ಇವತ್ತಿಗೂ ಒಳಗೆ 15ರ ಫ್ಯೂಸ್ ಕೂತಿರುವುದನ್ನು ನೋಡುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು

ಮನೆ ವೈರಿಂಗ್ ಮಾಡಿದವರಿಗೆ ಸೋಲಾರ್‌ನ ಡಿಸಿ ಕಡೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ಮನೆಯಲ್ಲಿ ಫೇಸ್, ನ್ಯೂಟ್ರಲ್ ತಾಗಿದರೆ ಟಿಸಿಯಿಂದ ನೂರಾರು, ಸಾವಿರಾರು ಆಂಪ್ ನುಗ್ಗಿ ಬರುತ್ತದೆ, ಎಂಸಿಬಿ ತಟ್ಟನೆ ಬೀಳುತ್ತದೆ. ಪ್ಯಾನೆಲ್ ಹಾಗಲ್ಲ. ಅದರ ಪ್ಲಸ್, ಮೈನಸ್ ಎರಡನ್ನೂ ನೇರ ತಾಗಿಸಿದರೂ ಬರುವುದು ಅದರ ಶಾರ್ಟ್ ಸರ್ಕ್ಯೂಟ್ ಕರೆಂಟ್ ಅಷ್ಟೇ. ನಮ್ಮ ಉದಾಹರಣೆಯ ಪ್ಯಾನೆಲ್ ಕೆಲಸ ಮಾಡುವಾಗ 13 ಆಂಪ್ ಕೊಡುತ್ತದೆ, ಶಾರ್ಟ್ ಆದರೆ 13.85. ಅಂದರೆ ಒಂದು ಆಂಪೂ ಹೆಚ್ಚಲ್ಲ!

ಹಾಗಾದರೆ ಒಂದೇ ಸ್ಟ್ರಿಂಗ್ ಇರುವ ಮನೆಯಲ್ಲಿ 25 ಆಂಪಿನ ಫ್ಯೂಸ್ ಹಾಕಿದರೆ ಅದು ಯಾವಾಗ ಹೋಗಬೇಕು? ಶಾರ್ಟ್ ಆದರೂ ಹೋಗಲ್ಲ. ಡಿಸಿ ಎಂಸಿಬಿ ಹಾಕಿದರೂ ಅದೇ ಕಥೆ, ಬೀಳಲ್ಲ. ಇದು ಫ್ಯೂಸಿನ ತಪ್ಪಲ್ಲ. ಡಿಸಿ ಕಡೆ ಫ್ಯೂಸ್ ಇರುವುದು ತನ್ನ ಸ್ಟ್ರಿಂಗಿನ ಕರೆಂಟ್ ತಡೆಯಲು ಅಲ್ಲ, ಪಕ್ಕದ ಸ್ಟ್ರಿಂಗ್‌ಗಳೆಲ್ಲ ಸೇರಿ ಕೆಟ್ಟ ಸ್ಟ್ರಿಂಗಿನೊಳಗೆ ಉಲ್ಟಾ ಕರೆಂಟ್ ನುಗ್ಗಿಸಿದಾಗ ಅದನ್ನು ತಡೆಯಲು.

ಎಸಿ ಕಡೆ ಮತ್ತೆ ಮೊದಲಿನ ಹಾಗೇ. ಇನ್ವರ್ಟರ್‌ನಿಂದ ಗ್ರಿಡ್‌ಗೆ ಹೋಗುವ ಕೇಬಲ್ ಎಲ್ಲೋ ಶಾರ್ಟ್ ಆದರೆ ಅದನ್ನು ಸುಡುವುದು ಇನ್ವರ್ಟರ್ ಅಲ್ಲ, ಹೆಸ್ಕಾಂ ಲೈನು. ಇಷ್ಟು ಸ್ಪಷ್ಟವಾದರೆ ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದು ಅರ್ಧ ಮುಗಿದ ಹಾಗೆ.

ಫ್ಯೂಸ್ ಬೇಕಾ ಬೇಡವಾ, ಬೇಕಾದರೆ ಎಷ್ಟರದು

ಪ್ಯಾನೆಲ್ ತಿರುಗಿಸಿ ಹಿಂದಿನ ಸ್ಟಿಕರ್ ನೋಡಿ. ಓಪನ್ ಸರ್ಕ್ಯೂಟ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ಕರೆಂಟ್, ಇವೆರಡರ ಜೊತೆ ಗರಿಷ್ಠ ಸೀರೀಸ್ ಫ್ಯೂಸ್ ಎಂಬ ಇನ್ನೊಂದು ಸಾಲು ಇರುತ್ತದೆ. ಬಹಳ ಜನ ಈ ಮೂರನೇ ಸಾಲು ಓದುವುದೇ ಇಲ್ಲ. ಗಿರಣಿಯ ಪ್ಯಾನೆಲ್‌ಗೆ ಅದು 25 ಆಂಪ್. ಇದಕ್ಕಿಂತ ಹೆಚ್ಚಿನ ಉಲ್ಟಾ ಕರೆಂಟ್ ಬರುವ ಹಾಗಿದ್ದರೆ ಫ್ಯೂಸ್ ಹಾಕು, ಅದೂ 25 ದಾಟಬಾರದು ಎಂದು ಕಂಪನಿ ಹೇಳುತ್ತಿದೆ.

ಈಗ ಲೆಕ್ಕ. ಎರಡು ಸ್ಟ್ರಿಂಗ್ ಸೇರಿದ್ದರೆ ಕೆಟ್ಟ ಸ್ಟ್ರಿಂಗಿಗೆ ಬರುವುದು ಉಳಿದ ಒಂದರ ಕರೆಂಟ್, 13.85. ಅದು 25ರ ಒಳಗೇ ಇದೆ, ಫ್ಯೂಸ್ ಬೇಡ. ಮೂರು ಸೇರಿದ್ದರೆ ಉಳಿದ ಎರಡರದು, 27.7. ಅದು 25 ದಾಟಿತು, ಫ್ಯೂಸ್ ಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ಸ್ಟ್ರಿಂಗ್ ಇರುತ್ತದೆ, ಅದೂ ಇನ್ವರ್ಟರ್‌ನ ಬೇರೆ ಬೇರೆ ಎಂಪಿಪಿಟಿ ಇನ್‌ಪುಟ್‌ಗೆ ಹೋಗಿರುತ್ತದೆ. ಅಲ್ಲಿ ಫ್ಯೂಸ್ ಹಾಕಿದರೆ ಬಿಸಿಯಾಗುವ ಇನ್ನೆರಡು ಜಾಯಿಂಟ್ ಸೇರಿಸಿದ ಹಾಗೆ, ಅಷ್ಟೇ.

ಫ್ಯೂಸಿನ ಆಂಪ್ ಹೀಗೆ ಸಿಗುತ್ತದೆ, Isc ಅಂದರೆ ಸ್ಟಿಕರ್‌ನ ಶಾರ್ಟ್ ಸರ್ಕ್ಯೂಟ್ ಕರೆಂಟ್:

```
1.5 × Isc  <  ಫ್ಯೂಸ್  <  2.4 × Isc
1.5 × 13.85 = 20.8
2.4 × 13.85 = 33.2
ಪ್ಯಾನೆಲ್ ಸ್ಟಿಕರ್‌ನ ಮಿತಿ = 25
```

20.8ಕ್ಕಿಂತ ಮೇಲೆ, 25 ದಾಟಬಾರದು. ಹಾಗಾಗಿ ಗಿರಣಿಗೆ 25 ಆಂಪ್ ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ. 20ರದು ಸಿಕ್ಕಿತು ಅಂತ ಹಾಕಿದರೆ ಅದು ಕೆಲಸ ಮಾಡುತ್ತದೆ, ಆದರೆ ಬೇಗ ಸವೆಯುತ್ತದೆ. ಈ ಒಂದೂವರೆ ಪಟ್ಟು ಯಾಕೆ? ಬಾಕ್ಸ್ ಬಿಸಿಲಿನ ಗೋಡೆಗೆ ಇದ್ದರೆ ಏಪ್ರಿಲ್‌ನಲ್ಲಿ ಒಳಗೆ 55–60 ಡಿಗ್ರಿ ಆಗುತ್ತದೆ. ಮೋಡ ಸರಿದು ಬಿಸಿಲು ಬಿದ್ದ ಗಳಿಗೆಯಲ್ಲಿ ಪ್ಯಾನೆಲ್ ತನ್ನ ಸ್ಟಿಕರ್‌ಗಿಂತ ಜಾಸ್ತಿಯೇ ಕೊಡುತ್ತದೆ. ಅದರ ಮೇಲೆ ದಿನಾ ಬೆಳಗ್ಗೆ ಬಿಸಿ, ರಾತ್ರಿ ತಂಪು. ಫ್ಯೂಸಿನ ಒಳಗಿನ ತೆಳು ಬೆಳ್ಳಿ ಪಟ್ಟಿ ಹಿಗ್ಗಿ ಕುಗ್ಗಿ ಒಂದು ದಿನ ಸೋಲುತ್ತದೆ. 15ರ ಫ್ಯೂಸಿಗೆ ಆಗಿದ್ದು ಇದೇ.

ಒಂದು ಪ್ರಾಮಾಣಿಕ ಮಾತು ಹೇಳಬೇಕು. 25ರ ಫ್ಯೂಸ್ 27.7 ಆಂಪಿಗೆ ಪಟ್ಟನೆ ಹೋಗಲ್ಲ. ಖಂಡಿತ ಹೋಗಬೇಕಾದರೆ 1.45 ಪಟ್ಟು, ಅಂದರೆ 36 ಆಂಪ್ ಬೇಕು. ಹಾಗಾದರೆ ಏನು ಪ್ರಯೋಜನ ಅಂತ ಗಿರಣಿಯವರೂ ಕೇಳಿದರು. ಪ್ಯಾನೆಲ್‌ಗಳನ್ನು ಆ ಸ್ಟಿಕರ್ ಮಿತಿಯ 1.35 ಪಟ್ಟು ಉಲ್ಟಾ ಕರೆಂಟ್ ಕೊಟ್ಟು ಎರಡು ಗಂಟೆ ಪರೀಕ್ಷೆ ಮಾಡಿರುತ್ತಾರೆ, 27.7 ಅದರ ಒಳಗೇ ಬರುತ್ತದೆ. ಫ್ಯೂಸ್ ನಿಜವಾಗಿ ದುಡಿಯುವುದು ನಾಲ್ಕು, ಐದು, ಎಂಟು ಸ್ಟ್ರಿಂಗ್ ಒಂದೇ ಕಡೆ ಸೇರಿದಾಗ. ಮೂರರಲ್ಲಿ ನಿಯಮಕ್ಕೆ ಬೇಕು, ಮುಂದೆ ನಾಲ್ಕನೇ ಸ್ಟ್ರಿಂಗ್ ಸೇರಿಸಿದಾಗ ಕೆಲಸಕ್ಕೂ ಬರುತ್ತದೆ.

ಕೊಳ್ಳುವಾಗ ಫ್ಯೂಸಿನ ಮೈಮೇಲೆ ಜಿಪಿವಿ ಎಂಬ ಅಕ್ಷರ ಮತ್ತು 1000 ವೋಲ್ಟ್ ಡಿಸಿ ಎಂದು ಇರಬೇಕು. ಮೋಟಾರ್ ಪ್ಯಾನೆಲ್‌ಗೆ ಹಾಕುವ ಎಸಿ ಫ್ಯೂಸ್ ಕೂಡ ಇದೇ 10ಕ್ಕೆ 38 ಎಂಎಂ ಅಳತೆಯಲ್ಲಿ ಬರುತ್ತದೆ, ಹೋಲ್ಡರ್‌ನಲ್ಲಿ ನೆಟ್ಟಗೆ ಕೂರುತ್ತದೆ. ಅದೇ ಅಪಾಯ. ಇನ್ನು, ಈಗಿನ ಇನ್ವರ್ಟರ್‌ಗಳಲ್ಲಿ ಪ್ಯಾನೆಲ್‌ನ ಪ್ಲಸ್ಸೂ ಮೈನಸ್ಸೂ ಎರಡೂ ಅರ್ತ್ ಆಗಿರುವುದಿಲ್ಲ, ಆದ್ದರಿಂದ ಫ್ಯೂಸ್ ಹಾಕುವುದಾದರೆ ಎರಡೂ ಕಡೆ ಹಾಕಿ.

ಐಸೊಲೇಟರ್ ಮತ್ತು ಡಿಸಿ ಎಂಸಿಬಿ

ಫ್ಯೂಸ್ ಹೋಲ್ಡರ್‌ಗೆ ಒಂದು ಹಿಡಿ ಇರುತ್ತದೆ, ಎಳೆದರೆ ತೆರೆಯುತ್ತದೆ. ನೋಡಿದವರಿಗೆ ಅದು ಸ್ವಿಚ್ ಅನಿಸುತ್ತದೆ. ಸ್ವಿಚ್ ಅಲ್ಲ! ಕರೆಂಟ್ ಹರಿಯುವಾಗ ಎಳೆದರೆ ಒಳಗೆ ನೀಲಿ ಬೆಳಕಿನ ಆರ್ಕ್ ಹೊತ್ತುತ್ತದೆ, ಕೈ ಹಿಂದೆ ತೆಗೆದರೂ ಆರಲ್ಲ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆರ್ಕ್ ಆಗ ತಾನೇ ಆರುತ್ತದೆ. ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ, ಬಿಸಿಲಿರುವ ತನಕ ಉರಿಯುತ್ತದೆ. ಪ್ಯಾನೆಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್ ಬಿಚ್ಚುವುದಕ್ಕೂ ಇದೇ ಮಾತು.

ಹರಿಯುವ ಕರೆಂಟನ್ನು ಕೈಯಿಂದ ಕಡಿಯಲು ಇರುವುದು ಐಸೊಲೇಟರ್. ಒಳಗೆ ಸ್ಪ್ರಿಂಗ್ ಇರುತ್ತದೆ. ನೀವು ಹಿಡಿಯನ್ನು ನಿಧಾನ ತಿರುಗಿಸಿದರೂ ಕಾಂಟ್ಯಾಕ್ಟ್ ಚಟ್ಟನೆ ದೂರ ಹಾರುತ್ತದೆ, ಆರ್ಕ್ ಬೆಳೆಯಲು ಸಮಯ ಸಿಗಲ್ಲ. ಅದು ತಾನಾಗಿ ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ.

ಐಸೊಲೇಟರ್ ಆರಿಸುವಾಗ ಎಲ್ಲರೂ ಮಾಡುವ ತಪ್ಪೆಂದರೆ ಮುಂದೆ ದೊಡ್ಡದಾಗಿ ಬರೆದ 32 ಆಂಪ್ ನೋಡಿ ತಗೊಳ್ಳುವುದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ನನ್ನ ಕೈಗೆ ಬಂದ ಒಂದರಲ್ಲಿ 600 ವೋಲ್ಟಿಗೆ 32 ಆಂಪ್, 1000 ವೋಲ್ಟಿಗೆ 13 ಆಂಪ್ ಎಂದು ಇತ್ತು. ವೋಲ್ಟೇಜ್ ಏರಿದ ಹಾಗೆ ಅದು ಕಡಿಯಬಲ್ಲ ಕರೆಂಟ್ ಇಳಿಯುತ್ತದೆ. ನಿಮ್ಮ ವೋಲ್ಟೇಜಿನ ಸಾಲು ಯಾವುದೋ ಅದರ ಆಂಪ್ ಮಾತ್ರ ನಿಮ್ಮದು.

ಹುಬ್ಬಳ್ಳಿಯಲ್ಲಿ ಒಂದು ಸಾಮಾನ್ಯ 5 ಕಿಲೋವ್ಯಾಟ್ ಮನೆ ತಗೊಳ್ಳೋಣ. ಅದೇ 540ರ ಹತ್ತು ಪ್ಯಾನೆಲ್, ಒಂದೇ ಸ್ಟ್ರಿಂಗ್. ಒಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ 49.5, ಹತ್ತಕ್ಕೆ 495. ಇಲ್ಲಿಗೆ ನಿಲ್ಲಿಸಬೇಡಿ. ಸ್ಟಿಕರ್‌ನ ಅಂಕಿ 25 ಡಿಗ್ರಿಗೆ ಬರೆದದ್ದು, ಚಳಿಯಲ್ಲಿ ವೋಲ್ಟೇಜ್ ಏರುತ್ತದೆ. ಡಿಸೆಂಬರ್ ಬೆಳಗ್ಗೆಗೆ ಅಂತ 10 ಡಿಗ್ರಿ ಹಿಡಿಯೋಣ, ನಮ್ಮ ಧಾರವಾಡದ ಚಳಿಗೆ ಅಷ್ಟು ಸಾಕು. ಡಿಗ್ರಿಗೆ 0.27 ಶೇಕಡಾದಂತೆ 15 ಡಿಗ್ರಿಗೆ ಸುಮಾರು 4 ಶೇಕಡಾ. ಒಟ್ಟು 515 ವೋಲ್ಟ್. ಕರೆಂಟ್ 13.85ರ ಒಂದೂಕಾಲು ಪಟ್ಟು, 17.3 ಆಂಪ್. ಮೇಲೆ ಹೇಳಿದ ಐಸೊಲೇಟರ್ 600 ವೋಲ್ಟಿಗೆ 32 ಕೊಡುತ್ತದೆ, ಈ ಮನೆಗೆ ಧಾರಾಳ.

ಅದೇ ಐಸೊಲೇಟರ್ ಗಿರಣಿಗೆ ಒಯ್ದರೆ? ಹದಿನೈದು ಪ್ಯಾನೆಲ್‌ಗೆ ಚಳಿಯಲ್ಲಿ 773 ವೋಲ್ಟ್. 600ರ ಸಾಲು ಇನ್ನು ಲೆಕ್ಕಕ್ಕಿಲ್ಲ. ಮೂರು ಸ್ಟ್ರಿಂಗ್ ಸೇರಿದ ಮೇಲೆ ಹಾಕುವುದಾದರೆ ಕರೆಂಟ್ 41.5, ಅದರ ಒಂದೂಕಾಲು 52. ಅಂದರೆ 800 ವೋಲ್ಟಿಗೋ 1000 ವೋಲ್ಟಿಗೋ ಕನಿಷ್ಠ 52 ಆಂಪ್ ಕಡಿಯುವಂಥದ್ದು ಬೇಕು, ಅಂಗಡಿಯಲ್ಲಿ ಅದು 63ರದು. ಅಲ್ಲಿ ಇದ್ದದ್ದು ಅದೇ 32ರದು. ಫ್ಯೂಸ್ ಬದಲಿಸಲು ಹೋದವನು ಐಸೊಲೇಟರೂ ಬದಲಿಸಿ ಬಂದೆ.

ಪಟ್ಟಿಯಲ್ಲಿ ಡಿಸಿ-ಪಿವಿ1 ಅಥವಾ ಡಿಸಿ-ಪಿವಿ2 ಎಂದೂ ಬರೆದಿರಬೇಕು. ಒಂದೇ ಸ್ಟ್ರಿಂಗಿಗೆ ಮೊದಲನೆಯದು ನಡೆಯುತ್ತದೆ. ಹಲವು ಸ್ಟ್ರಿಂಗ್ ಸೇರಿ ಉಲ್ಟಾ ಕರೆಂಟ್ ಬರುವ ಕಡೆ ಎರಡನೆಯದು ತಗೊಳ್ಳಿ. ಡಿಸಿ-ಪಿವಿ0 ಇದ್ದರೆ ಬೇಡ, ಅದನ್ನು ಕರೆಂಟ್ ಹರಿಯುವಾಗ ತೆಗೆಯುವ ಹಾಗಿಲ್ಲ.

ಡಿಸಿ ಎಂಸಿಬಿ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಹಾಕಬಹುದು, ಜನ ಹಾಕುತ್ತಾರೆ, ಆದರೆ ನನಗೆ ಅದು ಅಷ್ಟು ಇಷ್ಟವಿಲ್ಲ. ಒಂದನೇ ಕಾರಣ ವೋಲ್ಟೇಜ್. ಬಹಳಷ್ಟು ಡಿಸಿ ಎಂಸಿಬಿಗಳಿಗೆ ಒಂದು ಪೋಲಿಗೆ 250 ವೋಲ್ಟ್ ಲೆಕ್ಕ. ಎರಡು ಪೋಲಿನದು 500. ನಮ್ಮ ಮನೆ 515, ಹದಿನೈದು ವೋಲ್ಟಿಗೆ ತಪ್ಪಿತು. ಆಗ ನಾಲ್ಕು ಪೋಲಿನದು ತಗೊಂಡು ಸೀರೀಸ್‌ನಲ್ಲಿ ಜೋಡಿಸಬೇಕು. ಎರಡನೇ ಕಾರಣ ದಿಕ್ಕು. ಕೆಲವು ಡಿಸಿ ಎಂಸಿಬಿಗಳ ಒಳಗೆ ಆರ್ಕನ್ನು ಒಂದು ಕಡೆಗೆ ತಳ್ಳಲು ಅಯಸ್ಕಾಂತ ಇರುತ್ತದೆ, ಟರ್ಮಿನಲ್ ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತು ಇರುತ್ತದೆ. ಉಲ್ಟಾ ಜೋಡಿಸಿದರೆ ಆರ್ಕ್ ಉಲ್ಟಾ ಕಡೆಗೆ ಹೋಗಿ ಎಂಸಿಬಿಯನ್ನೇ ಸುಡುತ್ತದೆ. ಸರಿಯಾಗಿ ಜೋಡಿಸಿದ್ದರೂ, ಪಕ್ಕದ ಸ್ಟ್ರಿಂಗಿನಿಂದ ಉಲ್ಟಾ ಕರೆಂಟ್ ಬಂದಾಗ ಅದೇ ಗತಿ. ಹಾಕಲೇಬೇಕು ಅಂದರೆ ಪ್ಲಸ್ ಮೈನಸ್ ಗುರುತಿಲ್ಲದ, ಎರಡೂ ದಿಕ್ಕಿಗೆ ನಡೆಯುವ ಮಾದರಿ ಕೇಳಿ ತಗೊಳ್ಳಿ. ಮನೆ ಬಳಕೆಯ ಎಸಿ ಎಂಸಿಬಿಯನ್ನು ಡಿಸಿಗೆ ಹಾಕುವವರ ಬಗ್ಗೆ ಏನು ಹೇಳಲಿ! ಅಲೆಯ ಗುರುತಿದ್ದರೆ ಎಸಿ, ನೇರ ಗೆರೆಯ ಕೆಳಗೆ ಮೂರು ಚುಕ್ಕೆಗೆರೆ ಇದ್ದರೆ ಡಿಸಿ. ನೋಡಲು ಎರಡು ಸೆಕೆಂಡ್ ಸಾಕು.

ಒಂದೇ ಸ್ಟ್ರಿಂಗಿನ ಮನೆಗೆ ನನ್ನ ಸಲಹೆ ಇಷ್ಟು: ಫ್ಯೂಸ್ ಬೇಡ, ಡಿಸಿ ಎಂಸಿಬಿ ಬೇಡ, ಆ ದುಡ್ಡನ್ನು ಒಂದು ಒಳ್ಳೆಯ ಐಸೊಲೇಟರ್‌ಗೆ ಹಾಕಿ. ಇನ್ವರ್ಟರ್ ಕೆಳಗೇ ಕಪ್ಪು ತಿರುಗಣೆ ಸ್ವಿಚ್ ಇದ್ದರೆ ಅದೂ ಐಸೊಲೇಟರೇ. ಮಹಡಿಯ ಮೇಲೆ ಬಿಸಿಲಿಗೆ ಇನ್ನೊಂದು ಹಾಕಿಸುವ ಮುಂಚೆ ಯೋಚಿಸಿ. ಆಸ್ಟ್ರೇಲಿಯಾದಲ್ಲಿ ಮಹಡಿ ಮೇಲೆ ಐಸೊಲೇಟರ್ ಕಡ್ಡಾಯ ಮಾಡಿದ್ದರು. ನೀರು ಹೊಕ್ಕು ಬೆಂಕಿ ಹತ್ತಿದ ಪ್ರಕರಣ ಜಾಸ್ತಿಯಾದ ಮೇಲೆ 2021ರ ನಿಯಮದಲ್ಲಿ ಆ ಕಡ್ಡಾಯ ತೆಗೆದರು. ಹಾಕಿದರೂ ಕೇಬಲ್ ಕೆಳಗಿನಿಂದ ಒಳಗೆ ಬರಬೇಕು. ಮೇಲಿನಿಂದ ತೂತು ಕೊರೆದರೆ ಜೂನ್‌ನ ಜಿಟಿಜಿಟಿ ಮಳೆ ವೈರ್ ಹಿಡಿದು ನೇರ ಒಳಗಿಳಿಯುತ್ತದೆ.

ಗ್ರಿಡ್ ಕಡೆಯ ಎಂಸಿಬಿ

ಇಲ್ಲಿ ಬರುವ ದೂರು ಒಂದೇ: "ಮಧ್ಯಾಹ್ನ ಹನ್ನೆರಡಾತು ಅಂದ್ರ ಎಂಸಿಬಿ ಬೀಳ್ತೈತ್ರಿ, ಸಂಜೀಕ ಹಾಕಿದ್ರ ನಿಲ್ತೈತಿ." ಶಾರ್ಟ್ ಇದ್ದರೆ ಸಂಜೆಯೂ ನಿಲ್ಲಬಾರದು. ಅದು ಬಿಸಿಯಿಂದ ಬೀಳುವುದು.

5 ಕಿಲೋವ್ಯಾಟ್ ಇನ್ವರ್ಟರ್ 230 ವೋಲ್ಟಿಗೆ 21.7 ಆಂಪ್. ಇನ್ವರ್ಟರ್ ಸ್ಟಿಕರ್‌ನಲ್ಲಿ ಗರಿಷ್ಠ ಔಟ್‌ಪುಟ್ ಕರೆಂಟ್ ಬೇರೆ ಬರೆದಿರುತ್ತದೆ, 24 ಅಂದುಕೊಳ್ಳಿ. ಲೆಕ್ಕ ಹಾಕಬೇಕಾದ್ದು ಅದರಿಂದ. 25ರ ಎಂಸಿಬಿ ಸಾಕು ಅನಿಸುತ್ತದೆ, ಅಲ್ವಾ? ಆದರೆ ಮನೆ ಬಳಕೆಯ ಎಂಸಿಬಿಯ 25 ಅನ್ನುವುದು 30 ಡಿಗ್ರಿಗೆ ಹೊಂದಿಸಿದ ಅಂಕಿ. ಮುಚ್ಚಿದ ಬಾಕ್ಸಿನಲ್ಲಿ 50 ಡಿಗ್ರಿ ಆದಾಗ ಅದು 22ರ ಆಸುಪಾಸಿಗೆ ಇಳಿಯುತ್ತದೆ. ಮನೆಯ ಮಿಕ್ಸರ್ ಎರಡು ನಿಮಿಷ ಓಡುತ್ತದೆ, ಇನ್ವರ್ಟರ್ ಬೇಸಿಗೆಯಲ್ಲಿ ಮೂರು ನಾಲ್ಕು ತಾಸು ಒಂದೇ ಸಮನೆ ತಳ್ಳುತ್ತದೆ. 24ಕ್ಕೆ ಒಂದೂಕಾಲು ಪಟ್ಟು ಮಾಡಿದರೆ 30, ಅಂಗಡಿಯಲ್ಲಿ ಸಿಗುವುದು 32. ಸಿ ಕರ್ವ್, ಎರಡು ಪೋಲ್.

32 ಹಾಕುವ ಮುಂಚೆ ಕೇಬಲ್ ನೋಡಲೇಬೇಕು. ಎಂಸಿಬಿ ಕಾಯುವುದು ಕೇಬಲನ್ನು, ಹಾಗಾಗಿ ಕೇಬಲ್ ತಡೆಯುವುದಕ್ಕಿಂತ ಎಂಸಿಬಿ ದೊಡ್ಡದಾಗಬಾರದು. 6 ಸ್ಕ್ವೇರ್ ಎಂಎಂ ತಾಮ್ರ ಪೈಪಿನೊಳಗೆ ನಮ್ಮ ಬೇಸಿಗೆಗೂ ಸುಮಾರು 36 ಆಂಪ್ ತಡೆಯುತ್ತದೆ, 32 ನಡೆಯುತ್ತದೆ. 4 ಸ್ಕ್ವೇರ್ ಎಂಎಂ 28ಕ್ಕೇ ನಿಲ್ಲುತ್ತದೆ. ಅಂಥ ಕಡೆ ಎಂಸಿಬಿ ದೊಡ್ಡದು ಮಾಡಿ ಬಗೆಹರಿಸಬೇಡಿ, ಕೇಬಲ್ ಬದಲಿಸಿ.

ಎಂಸಿಬಿಯ ಮೇಲೆ ಚೌಕದೊಳಗೆ 6000 ಅಥವಾ 10000 ಎಂದು ಇರುತ್ತದೆ. ಶಾರ್ಟ್ ಆದಾಗ ಎಷ್ಟು ಆಂಪಿನವರೆಗೆ ಒಡೆಯದೆ ಕಡಿಯುತ್ತದೆ ಅನ್ನುವುದು ಅದು. ಓಣಿಯಲ್ಲಿ ಟಿಸಿ ಎಲ್ಲಿದೆ ನೋಡಿ. 250 ಕೆವಿಎ ಟಿಸಿಯ ಪೂರ್ಣ ಲೋಡ್ ಕರೆಂಟ್ ಸುಮಾರು 333 ಆಂಪ್, ಇಂಪಿಡೆನ್ಸ್ ನಾಲ್ಕೂವರೆ ಶೇಕಡಾ ಅಂತ ಹಿಡಿದರೆ ಅದರ ಬುಡದಲ್ಲಿ ಶಾರ್ಟ್ ಕರೆಂಟ್ 7400. ಮನೆ ಅದರ ಪಕ್ಕದಲ್ಲೇ ಇದ್ದರೆ 10000ದ್ದು ಹಾಕಿ. ಹಳ್ಳಿಯ 100 ಕೆವಿಎ ಟಿಸಿ ಆದರೆ 3000 ಅಷ್ಟೇ, 6000ದ್ದು ಸಾಕು.

ಎಲ್ಲ ಸಲವೂ ತಪ್ಪು ಎಂಸಿಬಿಯದ್ದಲ್ಲ. ಮಧ್ಯಾಹ್ನ ಇನ್ವರ್ಟರ್ ನಿಂತಾಗ ಮೊದಲು ಎಂಸಿಬಿಯ ಹಿಡಿ ನೋಡಿ. ಕೆಳಗೆ ಬಿದ್ದಿದ್ದರೆ ಮೇಲಿನ ಮಾತು. ಹಿಡಿ ಮೇಲೇ ಇದ್ದು ಇನ್ವರ್ಟರ್ ಗ್ರಿಡ್ ವೋಲ್ಟೇಜ್ ಜಾಸ್ತಿ ಎಂದು ತೋರಿಸುತ್ತಿದ್ದರೆ ಅದು ಲೈನಿನ ವೋಲ್ಟೇಜ್ ಏರಿದ್ದು, ಎಂಸಿಬಿ ಬದಲಿಸಿ ಉಪಯೋಗವಿಲ್ಲ. ಹಿಡಿ ಮೇಲಿದ್ದು, ಬಾಕ್ಸ್ ಹತ್ತಿರ ಹೋದಾಗ ಸುಟ್ಟ ವಾಸನೆ ಬರುತ್ತಿದ್ದರೆ ಸ್ಕ್ರೂ ಸಡಿಲ. ಹಾಕಿದ ಮೊದಲ ಬೇಸಿಗೆ ಕಳೆದ ಮೇಲೆ ಒಮ್ಮೆ ಎಲ್ಲ ಬಂದ್ ಮಾಡಿ ಸ್ಕ್ರೂ ಬಿಗಿ ಮಾಡಿಸಿ.

ಗಿರಣಿಯಲ್ಲಿ ಕೊನೆಗೆ ಆರು ಫ್ಯೂಸೂ 25ರದ್ದು ಹಾಕಿದೆ, ಬಾಗಿದ ಹೋಲ್ಡರ್ ತೆಗೆದೆ, ಬಾಕ್ಸನ್ನು ಬಿಸಿಲಿನ ಗೋಡೆಯಿಂದ ನೆರಳಿಗೆ ತಂದೆ. ಮರುದಿನ ಮಧ್ಯಾಹ್ನ ಮೂರೂ ವೈರಿನಲ್ಲಿ 12.4ರ ಆಸುಪಾಸು ಬಂತು. ಹೊರಡುವಾಗ ಅಲ್ಲಿ ಕೆಲಸ ಮಾಡುವ ಹುಡುಗ ಫ್ಯೂಸ್ ಹಿಡಿ ತೋರಿಸಿ, "ಬಂದ್ ಮಾಡಬೇಕಾದ್ರ ಇದನ್ನ ಎಳೀಬೇಕಲ್ರಿ ಕಾಕಾ?" ಅಂದ. ಮಾರ್ಕರ್ ತಗೊಂಡು ಬಾಕ್ಸಿನ ಮುಚ್ಚಳದ ಮೇಲೆ ಬರೆದೆ: "ಮೊದ್ಲ ಎಸಿ ಎಂಸಿಬಿ. ಆಮ್ಯಾಲ ಈ ಕೆಂಪು ಹಿಡಿ ತಿರಿವ್ರಿ. ಫ್ಯೂಸ್ ಮುಟ್ಟಬ್ಯಾಡ್ರಿ."